ಲೈನ್ ಕಟ್ಟಾಯ್ತು

ನನ್ನ ಇಂಗ್ಲಿಷಿನ ಬಗ್ಗೆ ಹೊಳೆನರಸೀಪುರದಲ್ಲಿ ಎರಡು ಅಭಿಪ್ರಾಯಗಳಿದ್ದವು. ಒಂದು ನನ್ನದು, ಇನ್ನೊಂದು ನನ್ನ ಹೆಂಡತಿ ಸರಸಳದು. ಊರಿನವರೆಲ್ಲ ನನ್ನ ಅಭಿಪ್ರಾಯವನ್ನೇ ಒಪ್ಪಿಕೊಂಡಿದ್ದರು, ಏಕೆಂದರೆ ಅವರಲ್ಲಿ ಅರ್ಧ ಜನ ನನ್ನ ಕೈಯಲ್ಲೇ ಇಂಗ್ಲಿಷ್ ಕಲಿತು ಫೇಲಾದವರು. ಫೇಲಾದವರಿಗೆ ಮೇಷ್ಟ್ರ ಮೇಲೆ ಇರುವ ಗೌರವ ಪಾಸಾದವರಿಗೆ ಇರುವುದಿಲ್ಲ.

ಹಾಗೆ ಫೇಲಾಗಿ, ಮತ್ತೆ ಕಟ್ಟಿ, ಮತ್ತೆ ಫೇಲಾದವನು ಹಿರೀಸಾವೆಯ ಮಂಜುನಾಥ. ನಾನು ಕಾಲೇಜಿನಿಂದ ನಿವೃತ್ತನಾಗುವ ಹೊತ್ತಿಗೆ ಅವನು ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ಷೇರು ಬ್ರೋಕರ್ ಆಫೀಸು ತೆಗೆದು, ಕಂಪನಿಗಳನ್ನು ಅಳೆದು ತೂಗಿ ಕನ್ನಡದಲ್ಲಿ ವರದಿ ಬರೆಯುವ ವಿಶ್ಲೇಷಕನಾಗಿಬಿಟ್ಟಿದ್ದ. ಅವನ ವರದಿ ಓದಿ ಷೇರು ಕೊಳ್ಳುವವರು ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದವರು, ನಾಲ್ಕು ಕಾಸು ಉಳಿಸಿದ ತೋಟದವರು. ಇಂಗ್ಲಿಷ್ ಪೇಪರು ಬಿಡಿಸಿ ನೋಡದ ಇಂಥವರಿಗೆ ಅವನ ಮಾತೇ ಮಾತು.

ಎರಡು ಸಾವಿರದ ಏಳನೇ ಇಸವಿಯ ಆಗಸ್ಟಿನಲ್ಲಿ ಅವನು ಒಂದು ಕಟ್ಟು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದ.

“ಸಾ, ಲೆಕ್ಕ ಅಂದ್ರೆ ನಂಗೆ ಬತ್ತದೆ. ಈ ಮಾತೈತಲ್ಲ, ಇದು ಬರಾಕಿಲ್ಲ. ನೀವೊಸಿ ಕನ್ನಡದಲ್ಲಿ ಬರ್ಕೊಡ್ಬೇಕು.”

ವರುಣಧಾರಾ ಎಂಬ ಹನಿ ನೀರಾವರಿ ಪೈಪಿನ ಕಂಪನಿಯ ಕಾಗದ ಅದು. ಮೂರು ತಿಂಗಳಿಗೊಮ್ಮೆ ಕಂಪನಿ ತನ್ನ ಲಾಭನಷ್ಟ ಪ್ರಕಟಿಸುತ್ತದಂತೆ. ಅದರ ಬೆನ್ನಿಗೇ ಮುಂಬೈಯ ದೊಡ್ಡ ದೊಡ್ಡ ವಿಶ್ಲೇಷಕರನ್ನೆಲ್ಲ ಒಂದೇ ಫೋನ್ ಕರೆಗೆ ಸೇರಿಸಿಕೊಂಡು ಕಂಪನಿಯ ಯಜಮಾನರು ಅವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರಂತೆ. ಆ ಮಾತುಕತೆಯನ್ನು ಅಕ್ಷರಕ್ಕಿಳಿಸಿ ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಮಂಜುನಾಥ ಅದನ್ನು ಪ್ರಿಂಟ್ ತೆಗೆಸಿ ತಂದಿದ್ದ.

“ಲಾಭ ಚೆನ್ನಾಗೈತೆ ಸಾ. ಆದ್ರೆ ಬಡ್ಡಿ ಕಟ್ಟೋದೂ ಜಾಸ್ತಿ ಆಗೈತೆ. ಪೈಪು ಹಾಕಿಸ್ಕೊಂಡ ರೈತ ಅರ್ಧ ದುಡ್ಡು ಕೊಡ್ತಾನೆ, ಇನ್ನರ್ಧ ಸರ್ಕಾರದ ಸಬ್ಸಿಡಿ, ಅದು ಬರೋಗಂಟ ಕಂಪ್ನಿ ಸಾಲ ತಗೊಂಡು ನಡೆಸ್ತದೆ. ಸಬ್ಸಿಡಿ ಬಂತಾ ಇಲ್ವಾ ಅನ್ನೋದು ಬ್ಯಾಲೆನ್ಸ್ ಶೀಟಲ್ಲಿ ವರ್ಷಕ್ಕೊಂದೇ ಸರ್ತಿ ಕಾಣ್ತದೆ. ಮಧ್ಯದಲ್ಲಿ ತಿಳೀಬೇಕು ಅಂದ್ರೆ ಇವ್ರ ಬಾಯಿಂದ್ಲೇ ಬರ್ಬೇಕು.”

ನನಗೆ ಸಬ್ಸಿಡಿಯೂ ತಿಳಿಯದು, ಬ್ಯಾಲೆನ್ಸ್ ಶೀಟೂ ತಿಳಿಯದು. ಆದರೆ ಇಂಗ್ಲಿಷ್ ತಿಳಿಯದು ಎಂದು ಹೇಳುವ ಧೈರ್ಯ ನನಗಿರಲಿಲ್ಲ. “ಅದಕ್ಕೇನಂತೆ, ಬರೆದುಕೊಡೋಣ” ಎಂದೆ. ಒಳಗಿನಿಂದ ಸರಸ ಕೆಮ್ಮಿದಳು. ಅಡುಗೆಮನೆಯ ನಲ್ಲಿ ಸೋರುತ್ತಿದೆ, ರಿಪೇರಿ ಮಾಡಿಸಿ ಎಂದು ಅವಳು ಕೇಳಿದಾಗಲೆಲ್ಲ ನಾನು “ನೋಡೋಣ” ಎನ್ನುತ್ತಿದ್ದೆ. ಇದಕ್ಕೆ ಮಾತ್ರ ತಕ್ಷಣ ಒಪ್ಪಿಕೊಂಡೆನಲ್ಲ, ಆ ಕೆಮ್ಮು ಅದಕ್ಕೆ.

ಕೆಲಸಕ್ಕೆ ಕೂತೆ. ಓದುತ್ತಾ ಹೋದ ಹಾಗೆ ಆ ಯಜಮಾನರ ಇಂಗ್ಲಿಷ್ ಕಂಡು ನನಗೆ ಜಿಗುಪ್ಸೆಯಾಯಿತು. ಒಂದು ಮಾತು ಹೇಳುವ ಕಡೆ ಹತ್ತು ಮಾತು. ‘ಆ್ಯಸ್ ಆಫ್ ನೌ’ ಅನ್ನುವುದು, ಅದರ ಪಕ್ಕದಲ್ಲೇ ‘ಅಟ್ ದಿಸ್ ಪಾಯಿಂಟ್ ಇನ್ ಟೈಮ್’ ಅನ್ನುವುದು, ಮತ್ತೆ ‘ಟು ದ ಬೆಸ್ಟ್ ಆಫ್ ಅವರ್ ಅಂಡರ್‌ಸ್ಟ್ಯಾಂಡಿಂಗ್’ ಅನ್ನುವುದು. ಹುಡುಗರ ಪ್ರಬಂಧದಲ್ಲಿ ಇಂಥ ಹೊಟ್ಟು ಕಂಡರೆ ನಾನು ಕೆಂಪು ಪೆನ್ಸಿಲಿನಿಂದ ಗೀಚಿ ಹಾಕುತ್ತಿದ್ದೆ. ಇಲ್ಲೂ ಗೀಚಿ ಹಾಕಿದೆ. ‘ಸದ್ಯಕ್ಕೆ, ಈ ಹೊತ್ತಿನ ಮಟ್ಟಿಗೆ, ನಮಗೆ ತಿಳಿದಿರುವಂತೆ, ವಸೂಲಿಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮವೇನೂ ನಮಗೆ ಕಾಣುತ್ತಿಲ್ಲ’ ಎಂದಿದ್ದದ್ದು ನನ್ನ ಕೈಯಲ್ಲಿ ‘ವಸೂಲಿಗೆ ಯಾವ ತೊಂದರೆಯೂ ಇಲ್ಲ’ ಎಂದಾಯಿತು. ಎಷ್ಟು ಚೊಕ್ಕವಾಯಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒಂದು ಕಡೆ ಮಾತ್ರ ತಡವರಿಸಿದೆ. ಒಬ್ಬ ವಿಶ್ಲೇಷಕ, ಆರು ತಿಂಗಳಿಗಿಂತ ಹಳೆಯ ಬಾಕಿ ಎಷ್ಟಿದೆ ಎಂದು ಕೇಳಿದ್ದ. ಯಜಮಾನರು ‘ವಿ ವಿಲ್ ಟೇಕ್ ದಟ್ ಆಫ್‌ಲೈನ್’ ಎಂದಿದ್ದರು. ನನ್ನ ನಿಘಂಟು ನನ್ನಷ್ಟೇ ಹಳೆಯದು, ಅದರಲ್ಲಿ ಈ ಪದವೇ ಇಲ್ಲ. ಆದರೆ ನಾನು ಸಾಹಿತ್ಯದ ವಿದ್ಯಾರ್ಥಿ, ಸಂದರ್ಭದಿಂದ ಅರ್ಥ ಹಿಡಿಯುವುದು ನನಗೆ ಗೊತ್ತು. ಕರೆ ನಡೆಸುವವನು ಪ್ರತಿಯೊಬ್ಬರನ್ನೂ ಕರೆಯುವಾಗ ‘ಮುಂದಿನ ಪ್ರಶ್ನೆ ಇಂಥವರ ಲೈನಿನಿಂದ’ ಎನ್ನುತ್ತಿದ್ದ. ಲೈನ್ ಎಂದರೆ ಫೋನಿನ ಲೈನು. ಆಫ್ ಎಂದರೆ ಆಫ್. ಹೇಮಾವತಿಯ ಕಡೆ ಎರಡು ಹನಿ ಬಿದ್ದರೆ ನಮ್ಮ ಮನೆಯ ಫೋನೂ ಹಾಗೇ ಆಫಾಗುತ್ತದೆ. ಆ ವಿಶ್ಲೇಷಕ ‘ಸರಿ ಸಾರ್, ಬೇರೆಯಾಗಿ ನಿಮ್ಮನ್ನು ಸಂಪರ್ಕಿಸುತ್ತೇನೆ’ ಎಂದದ್ದೂ ಇದಕ್ಕೆ ಸರಿಯಾಗಿ ಹೊಂದಿತು. ಪಾಪ, ಬೇರೆ ಫೋನಿನಿಂದ ಮಾಡುತ್ತಾನೆ. ನಾನು ದಪ್ಪ ಅಕ್ಷರದಲ್ಲಿ ಬರೆದೆ: ‘ಇಲ್ಲಿ ಲೈನ್ ಕಟ್ಟಾಯಿತು.’

ಮಂಜುನಾಥ ನನ್ನ ಕನ್ನಡ ಓದಿ ವರದಿ ಬರೆದ. ಬಾಕಿಯ ಬಗ್ಗೆ ಕಂಪನಿಯೇ ಭರವಸೆ ಕೊಟ್ಟಿರುವುದರಿಂದ ವರುಣಧಾರಾ ಷೇರು ಕೊಳ್ಳಬಹುದು ಎಂದು ಹಾಕಿದ. ಜನ ಕೊಂಡರು. ಷೇರು ಏರಿತು. ಅನುವಾದ ನನ್ನದೆಂದು ನಾನೇ ಹೇಳಿಕೊಂಡಿದ್ದರಿಂದ ನಮ್ಮೂರ ಬಜಾರಿನಲ್ಲಿ ನಾಲ್ಕು ಜನ ನಿಂತು ನನಗೆ ಕೈಮುಗಿದರು. ನಾನು ಸೆಂಚುರಿ ಹೊಡೆದವನು ಬ್ಯಾಟು ಎತ್ತುವ ಹಾಗೆ ಕೈ ಎತ್ತಿದೆ.

ನವೆಂಬರಿನಲ್ಲಿ ಮುಂದಿನ ಮೂರು ತಿಂಗಳ ಕಾಗದ ಬಂತು. ಈ ಸಲ ಅನುವಾದ ಮುಗಿಸಿಕೊಂಡು ನಾನೇ ಹಾಸನಕ್ಕೆ ಹೋದೆ, ಅವನ ಆಫೀಸಿನ ಎದುರಿನ ಹೋಟೆಲಿನ ಕಾಫಿ ಚೆನ್ನಾಗಿರುತ್ತದೆ ಎಂಬ ಒಂದೇ ಕಾರಣಕ್ಕೆ. ನನ್ನ ಅನುವಾದವನ್ನು ಮಂಜುನಾಥ ಓದತೊಡಗಿದ. ಓದುತ್ತಾ ಓದುತ್ತಾ ಅವನ ಮುಖ ಒಂದು ಥರ ಆಯಿತು.

“ಸಾ, ಈ ಮುಂಬೈನಾಗೆ ಫೋನು ಇಷ್ಟು ಕೆಟ್ಟದಾಗೈತಾ?”

“ಯಾಕಪ್ಪ?”

“ಮೂರು ಕಡೆ ಲೈನ್ ಕಟ್ಟಾಯ್ತು ಅಂತ ಬರ್ದಿದ್ದೀರಿ. ಮಾರಾಟ ಕೇಳ್ದಾಗ ಲೈನ್ ಚೆಂದಾಗೈತೆ. ಹೊಸ ಫ್ಯಾಕ್ಟ್ರಿ ಕೇಳ್ದಾಗ ಗಂಟೆಗಟ್ಲೆ ಮಾತಾಡವ್ರೆ. ಹಳೆ ಬಾಕಿ ಎಷ್ಟು ಅಂತ ಒಬ್ಬ ಕೇಳ್ತಾನೆ, ಲೈನ್ ಕಟ್. ಇನ್ನೊಬ್ಬ ಕೇಳ್ತಾನೆ, ಲೈನ್ ಕಟ್. ಕೊನೇಲಿ ಒಂದು ಹೆಣ್ಮಗ ಕೇಳ್ತದೆ, ಆಗ್ಲೂ ಕಟ್. ಬಾಕಿ ಅಂದೇಟ್ಗೆ ಆ ಫೋನ್ಗೆ ಏನಾಯ್ತದೆ ಸಾ?”

ನಾನು ಗಂಭೀರವಾಗಿ, ಸಂಪರ್ಕ ವ್ಯವಸ್ಥೆಯ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಅವನು ಮುಂದಿನ ಸಾಲಿನ ಮೇಲೆ ಬೆರಳಿಟ್ಟ.

“ಲೈನ್ ಕಟ್ಟಾದ್ಮೇಲೆ ಅವಳು ‘ಥ್ಯಾಂಕ್ಯೂ ಸಾರ್’ ಅಂತ ಯಾರ್ಗೆ ಅಂದ್ಲು?”

ಇಂಗ್ಲಿಷ್ ಕಾಗದವನ್ನು ಇಬ್ಬರೂ ಮುಂದಿಟ್ಟುಕೊಂಡೆವು. ಆಫ್‌ಲೈನ್ ಎಂದರೆ ಈಗ, ಎಲ್ಲರ ಎದುರು ಬೇಡ, ಆಮೇಲೆ ಬೇರೆಯಾಗಿ ಮಾತಾಡೋಣ ಎಂದು ನನಗೆ ಹೊಳೆಯಲು ಒಂದು ಲೋಟ ಕಾಫಿ ಪೂರಾ ಬೇಕಾಯಿತು. ಮದುವೆಮನೆಯಲ್ಲಿ ಬೀಗರು ‘ಆ ವಿಷಯ ಆಮೇಲೆ ಮಾತಾಡೋಣ’ ಎಂದರೆ ಏನರ್ಥ ಎಂದು ನನಗೆ ಇಂಗ್ಲಿಷ್ ಬಾರದ ಕಾಲದಿಂದಲೂ ಗೊತ್ತು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ನನಗೆ ಟೆಲಿಫೋನ್ ಕಂಬ ಕಂಡಿತಲ್ಲ, ಇದಕ್ಕೆ ಏನೆನ್ನಬೇಕು.

ಮಂಜುನಾಥನಿಗೆ ನಗು ಬಂತು. ನಕ್ಕ. ಆಮೇಲೆ ನಗು ನಿಲ್ಲಿಸಿ, “ಸಾ, ಕೆಂಪು ಪೆನ್ಸಿಲ್ಲಲ್ಲಿ ಗೀಚಿದ್ದೀರಲ್ಲ, ಅದನ್ನೂ ಓದಿ. ಒಂದಕ್ಷರನೂ ಬುಡ್ಬೇಡಿ” ಎಂದ.

ಆಗಸ್ಟಿನ ಕಾಗದವನ್ನೂ ತೆಗೆದು ಪಕ್ಕದಲ್ಲಿಟ್ಟ. ನಾನು ಓದುತ್ತಾ ಹೋದೆ, ಅವನು ಎರಡನ್ನೂ ಹೋಲಿಸುತ್ತಾ ಹೋದ. ಆಗಸ್ಟಿನಲ್ಲಿ ಯಜಮಾನರಿಗೆ ‘ಕಾನ್ಫಿಡೆನ್ಸ್’ ಇತ್ತು, ಈಗ ‘ಫೇರ್ಲಿ ಕಂಫರ್ಟಬಲ್’ ಆಗಿದ್ದರು. ನಂಬಿಕೆ ಇದ್ದವರು ಈಗ ಒಂದು ಮಟ್ಟಿಗೆ ನೆಮ್ಮದಿಯಾಗಿದ್ದೇವೆ ಎನ್ನುತ್ತಿದ್ದರು. ಬಾರದ ಬಾಕಿಯ ನಷ್ಟಕ್ಕೆಂದು ಲಾಭದಲ್ಲಿ ಏನಾದರೂ ಎತ್ತಿಡಬೇಕಾಗುತ್ತದೆಯೇ ಎಂದು ಕೇಳಿದರೆ, ಆಗ ‘ಇಲ್ಲ’ ಎಂದಿದ್ದವರು ಈಗ ‘ಇವತ್ತಿನ ಸ್ಥಿತಿಯಲ್ಲಿ ಅಗತ್ಯ ಕಾಣುತ್ತಿಲ್ಲ’ ಎಂದಿದ್ದರು. ಆಗ ‘ದುಡ್ಡು ಸೆಪ್ಟೆಂಬರಿನೊಳಗೆ ವಿಲ್ ಕಮ್’. ಈಗ ‘ಮಾರ್ಚಿನೊಳಗೆ ಶುಡ್ ಕಮ್’.

“ಶುಡ್ ಅಂದ್ರೆ ಏನ್ಬರ್ದಿದ್ದೀರಿ?”

“ಬರಬೇಕು ಅಂತ. ಶುಡ್ ಅಂದರೆ ಬೇಕು. ವ್ಯಾಕರಣದಲ್ಲಿ ಅದು ವಿಲ್‌ಗಿಂತ ಗಟ್ಟಿ” ಎಂದೆ, ಉಳಿದಿದ್ದ ಮಾನವನ್ನು ಒಟ್ಟುಮಾಡಿಕೊಂಡು.

ಮಂಜುನಾಥ ಅರಕಲಗೂಡಿನಲ್ಲಿ ಅದೇ ಕಂಪನಿಯ ಪೈಪು ಮಾರುವ ಡೀಲರ್ ಕೆಂಚಯ್ಯನಿಗೆ ಫೋನ್ ಮಾಡಿ, ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

“ಕೆಂಚಯ್ಯಣ್ಣ, ಸಬ್ಸಿಡಿ ದುಡ್ಡು ಬಂತಾ?”

“ಬರ್ಬೇಕು ಕಣಪ್ಪ” ಎಂದಿತು ಫೋನು, ಒಂದು ದೊಡ್ಡ ಉಸಿರಿನೊಂದಿಗೆ.

ಮಂಜುನಾಥ ಫೋನ್ ಇಟ್ಟ. “ಕೇಳುದ್ರಾ ಸಾ? ನಿಮ್ಮ ವ್ಯಾಕರಣದಾಗೆ ಗಟ್ಟಿ. ನಮ್ಮ ಕಡೆ ‘ಬರ್ಬೇಕು’ ಅಂದ್ರೆ ಬಂದಿಲ್ಲ ಅಂತ.”

ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆಯಲ್ಲಿ ನನ್ನ ಕೈಯೇ ನಿಜ ಬರೆದಿತ್ತು, ನನ್ನ ತಲೆ ಅದನ್ನು ಓದಿರಲಿಲ್ಲ. ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ಮಂಜುನಾಥನ ತೊಂದರೆ ನನ್ನ ನಾಚಿಕೆಗಿಂತ ದೊಡ್ಡದಿತ್ತು. ಭಾನುವಾರ ಚನ್ನರಾಯಪಟ್ಟಣದ ಛತ್ರದಲ್ಲಿ ಅವನ ಗಿರಾಕಿಗಳೆಲ್ಲ ಸೇರುವುದಿತ್ತು. ಅವರ ಮುಂದೆ ನಿಂತು, ಆಗಸ್ಟಿನಲ್ಲಿ ಕೊಳ್ಳಿ ಎಂದ ಷೇರನ್ನು ಈಗ ಮಾರಿ ಎನ್ನಬೇಕಿತ್ತು.

“ನಂಬ್ತಾರಾ ಸಾ?” ಎಂದ. “ಷೇರು ಇನ್ನೂ ಮೇಲೇ ಐತೆ. ನಾನೋ ಬ್ರೋಕರು. ಕೊಂಡ್ರೂ ನಂಗೆ ಕಮಿಷನ್ನು, ಮಾರುದ್ರೂ ನಂಗೆ ಕಮಿಷನ್ನು. ನಂಬದೇ ಇದ್ರೆ ಅವ್ರೂ ಮುಳುಗ್ತಾರೆ, ನಂದೂ ಮುಗೀತು.”

“ಧೈರ್ಯವಾಗಿರು, ಎಲ್ಲ ಸರಿಹೋಗುತ್ತೆ” ಎಂದು ಹೇಳಿ ನಾನು ಬಸ್ಸು ಹತ್ತಿದೆ. ನಾನು ಆಡಿದ ಆ ಮಾತು ಯಾವ ಕಂಪನಿಯ ಯಜಮಾನನ ಬಾಯಿಂದ ಬಂದಿದ್ದರೂ ನಡೆಯುತ್ತಿತ್ತು.

ಭಾನುವಾರ ಛತ್ರ ತುಂಬಿತ್ತು. ನಾನು ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ ಕೂತಿದ್ದೆ. ಮುಂದಿನ ಸಾಲಿನಲ್ಲಿ ಕಾಮಾಕ್ಷಮ್ಮನವರಿದ್ದರು. ಅವರು ಹೊಳೆನರಸೀಪುರದಲ್ಲಿ ನನಗೆ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರು, ಈಗ ಇಲ್ಲಿ ಮಗಳ ಮನೆಯಲ್ಲಿದ್ದಾರೆ. ತೊಂಬತ್ತಕ್ಕೆ ಹತ್ತಿರವಿದ್ದರೂ ಕಿವಿ ಚುರುಕು. ಪೆನ್ಷನ್ ಉಳಿಸಿ ಅವರೂ ವರುಣಧಾರಾ ಕೊಂಡಿದ್ದರು.

ಮಂಜುನಾಥ ಸುತ್ತಿ ಬಳಸದೆ ಹೇಳಿದ. “ವರುಣಧಾರಾ ಮಾರ್ಬುಡಿ. ಹಳೆ ಬಾಕಿ ಎಷ್ಟೈತೆ ಅಂತ ಮೂರು ಜನ ಕೇಳುದ್ರು, ಮೂರು ಸರ್ತಿನೂ ಹೇಳ್ಲಿಲ್ಲ. ಬಾಕಿ ಕಮ್ಮಿ ಇದ್ದಿದ್ರೆ ಮೊದ್ಲು ಅದನ್ನೇ ಹೇಳ್ಕೊತಿದ್ರು. ಆಗಸ್ಟ್‌ನಾಗೆ ನಾನು ಬರ್ದಿದ್ದು ತಪ್ಪು.”

ವಿದ್ಯುತ್ ಇಲಾಖೆಯಿಂದ ನಿವೃತ್ತರಾಗಿದ್ದ ಬೋರಪ್ಪನವರು ಎದ್ದು ನಿಂತರು.

“ಏನ್ ಮಂಜಣ್ಣ, ಮೂರು ತಿಂಗ್ಳ ಹಿಂದೆ ಕಂಪ್ನಿಯೋರೇ ತೊಂದ್ರೆ ಇಲ್ಲ ಅಂದವ್ರೆ ಅಂತ ಅಚ್ಚು ಹಾಕ್ಸಿದ್ದೆ. ಈಗ ಹೇಳ್ಲೇ ಇಲ್ಲ ಅಂತೀಯ. ಕೊಳ್ಳಿ ಅಂದು ಒಂದು ಕಮಿಷನ್ನು, ಮಾರಿ ಅಂದು ಇನ್ನೊಂದಾ?”

ಛತ್ರದಲ್ಲಿ ಗುಜುಗುಜು ಎದ್ದಿತು. ಮಂಜುನಾಥ ತಲೆ ತಗ್ಗಿಸಿದ. ಅವನು ಒಂದೇ ಒಂದು ಮಾತು ಹೇಳಬಹುದಿತ್ತು: ಆ ಕಾಗದ ಓದಿದ್ದು ನಾನಲ್ಲ, ಅಕೋ ಅಲ್ಲಿ ಕಂಬದ ಹಿಂದೆ ಕೂತಿದ್ದಾರಲ್ಲ, ಅವರು. ಹೇಳಲಿಲ್ಲ. ಎರಡು ಸಲ ಫೇಲು ಮಾಡಿದ ಮೇಷ್ಟ್ರನ್ನು ಬಿಟ್ಟುಕೊಡಲಿಲ್ಲ.

ನಾನು ಎದ್ದೆ. ನಿಜ ಹೇಳಬೇಕೆಂದೇ ಎದ್ದದ್ದು. ಆದರೆ ಅಷ್ಟು ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದ ಕೂಡಲೇ ಬಾಯಿ ತನ್ನ ಪಾಡಿಗೆ ತಾನು ಹೊರಟಿತು.

“ಮಹನೀಯರೇ, ಆ ಸಂದರ್ಭದಲ್ಲಿ ಲಭ್ಯವಿದ್ದ ಪಠ್ಯದ ಕೆಲವು ಭಾಗಗಳನ್ನು ಅರ್ಥೈಸುವಲ್ಲಿ, ಇಂದಿನ ದೃಷ್ಟಿಯಿಂದ ನೋಡಿದಾಗ, ಸ್ವಲ್ಪ ಮಟ್ಟಿನ ವ್ಯತ್ಯಾಸ ಉಂಟಾಗಿದ್ದಿರಬಹುದಾದ ಸಾಧ್ಯತೆಯನ್ನು ಸಂಪೂರ್ಣವಾಗಿ ಅಲ್ಲಗಳೆಯಲಾಗದು.”

ನನಗೇ ಅರ್ಥವಾಗದ ವಾಕ್ಯ ಅದು, ಆದರೆ ವ್ಯಾಕರಣ ಶುದ್ಧವಾಗಿತ್ತು. ಕಾಮಾಕ್ಷಮ್ಮನವರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು.

“ತಿರುನಾರಾಯಣ, ಆ ಕಾಗದ ಓದಿ ಹೇಳ್ದೋನು ನೀನೇನೋ?”

“ಆ ಪ್ರಕ್ರಿಯೆಯಲ್ಲಿ ನನ್ನ ಪಾತ್ರವೂ ಒಂದು ಮಟ್ಟಿಗೆ...”

“ನೀನು ತಪ್ಪು ಓದ್ದೆ ಅಂತ ತಾನೇ ಹೇಳ್ತಿರೋದು?”

ಅರವತ್ತು ದಾಟಿದ ನಾನು ಒಂದನೇ ಕ್ಲಾಸಿನವನ ಹಾಗೆ ಕೈ ಕಟ್ಟಿಕೊಂಡೆ. “ಹೌದು ಮೇಡಂ.”

“ಹಾಗನ್ನು” ಎಂದರು. ಬೋರಪ್ಪನವರ ಕಡೆ ತಿರುಗಿ, “ಇವನು ತಪ್ಪು ಓದಿದ್ದಾನಂತೆ ಕಣಪ್ಪ. ಆ ಹುಡುಗ ಅದನ್ನ ನಂಬ್ಕೊಂಡು ಬರ್ದಿದ್ದಾನೆ” ಎಂದರು. ಇಷ್ಟು ನಿಖರವಾದ ಅನುವಾದವನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ.

“ಏನ್ ತಪ್ಪು ಓದುದ್ರಿ ಸಾ?” ಎಂದರು ಬೋರಪ್ಪ. ಅವರ ದನಿಯಲ್ಲಿ ಇನ್ನೂ ಅನುಮಾನವಿತ್ತು.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಹೇಳಿಬಿಟ್ಟೆ. ಲೈನು, ಆಫು, ಹೇಮಾವತಿಯ ಮಳೆ, ಪಾಪದ ವಿಶ್ಲೇಷಕ ಬೇರೆ ಫೋನು ಹುಡುಕಿಕೊಂಡು ಹೋದದ್ದು, ಬಾಕಿ ಎಂದ ಕೂಡಲೇ ಮೂರು ಸಲ ಕಟ್ಟಾದದ್ದು. ಕೆಂಪು ಪೆನ್ಸಿಲಿನಲ್ಲಿ ‘ಸದ್ಯಕ್ಕೆ’ಗಳನ್ನೆಲ್ಲ ಗೀಚಿದ್ದು. ಕೊನೆಗೆ ಕೆಂಚಯ್ಯನ ‘ಬರ್ಬೇಕು’. ಅಷ್ಟು ಹೊತ್ತಿಗೆ ಛತ್ರದ ನಗು ಹೊರಗಿನ ಬಿ. ಎಂ. ರಸ್ತೆಯವರೆಗೂ ಕೇಳಿರಬೇಕು. ಬೋರಪ್ಪನವರು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು.

“ಬರ್ಬೇಕು ಅಂದವ್ರಾ? ಅಂಗಾದ್ರೆ ಬಂದಿಲ್ಲ ಬುಡಿ” ಎಂದರು. “ನಮ್ಮ ಆಫೀಸಲ್ಲಿ ಕರೆಂಟ್ ಯಾವಾಗ ಬತ್ತದೆ ಅಂತ ಜನ ಫೋನ್ ಮಾಡ್ತಿದ್ರಲ್ಲ, ಮೂವತ್ತು ವರ್ಷ ನಾನು ಅದನ್ನೇ ಹೇಳಿದ್ದೀನಿ. ಮಂಜಣ್ಣ, ನಾಳೆ ಬೆಳಿಗ್ಗೆ ನಂದು ಪೂರಾ ಮಾರಾಕು.”

ಸೋಮವಾರ ಬೆಳಿಗ್ಗೆ ಹೆಚ್ಚುಕಡಿಮೆ ಎಲ್ಲರೂ ಮಾರಿದರು. ಜನವರಿಯಲ್ಲಿ ಇಡೀ ಷೇರುಪೇಟೆಯೇ ಮಕಾಡೆ ಮಲಗಿತು. ಹಾಗಾಗಿ ಇದರಲ್ಲಿ ನಮ್ಮ ಜಾಣತನವೆಷ್ಟು, ಅದೃಷ್ಟವೆಷ್ಟು ಎಂದು ನಾನು ಕೇಳಿಕೊಳ್ಳಲು ಹೋಗಲಿಲ್ಲ. ಜನವರಿಯ ಕೊನೆಗೆ ಬಂದ ಕಾಗದದಲ್ಲಿ ಮಾತ್ರ ವರುಣಧಾರಾದ ಯಜಮಾನರು ಬಾರದ ಬಾಕಿಗೆಂದು ಆ ಮೂರು ತಿಂಗಳ ಲಾಭವನ್ನೆಲ್ಲ ಎತ್ತಿಟ್ಟಿದ್ದರು. ಅದನ್ನು ಹೇಳಲು ಅರ್ಧ ಪುಟ ಇಂಗ್ಲಿಷ್ ಬಳಸಿದ್ದರು. ಒಂದು ‘ಸದ್ಯಕ್ಕೆ’ಯನ್ನೂ ಬಿಡದೆ ಅರ್ಧ ಪುಟ ಕನ್ನಡ ಮಾಡಿ, ಕೆಳಗೆ ಒಂದು ಸಾಲು ಸೇರಿಸಿದೆ: ದುಡ್ಡು ಬಂದಿಲ್ಲ.

ಮಂಜುನಾಥ ಆ ಒಂದು ಸಾಲನ್ನೇ ವರದಿಯ ತಲೆಬರಹ ಮಾಡಿದ. ಬೋರಪ್ಪನವರು ಈಗ ಯಾವ ಷೇರು ಕೊಳ್ಳುವ ಮೊದಲೂ ಅವನಿಗೆ ಫೋನ್ ಮಾಡಿ, “ಮೇಷ್ಟ್ರನ್ನ ಕೇಳುದ್ಯಾ? ಲೈನ್ ಐತಂತಾ?” ಎನ್ನುತ್ತಾರಂತೆ. ಚನ್ನರಾಯಪಟ್ಟಣದಲ್ಲಿ ಕೇಳಿದ್ದಕ್ಕೆ ಯಾರಾದರೂ ನೆಟ್ಟಗೆ ಉತ್ತರ ಕೊಡದಿದ್ದರೆ ಈಗ ‘ಲೈನ್ ಕಟ್ಟಾಯ್ತು’ ಎನ್ನುವುದು ರೂಢಿಯಾಗಿದೆ. ಇಷ್ಟು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನು ಈ ಸೀಮೆಗೆ ಕೊಟ್ಟ ಕಾಣಿಕೆ ಇದೊಂದೇ, ಅದೂ ಕನ್ನಡದ್ದು.

ಮಾತು ನಮ್ಮ ಮನೆಗೂ ಬಂತು. ಮೊನ್ನೆ ಊಟಕ್ಕೆ ಕೂತಾಗ ಸರಸ ಹುಳಿ ಬಡಿಸುತ್ತಾ, “ಆ ನಲ್ಲಿ ಯಾವಾಗ ರಿಪೇರಿ ಮಾಡಿಸ್ತೀರಿ?” ಎಂದು ಕೇಳಿದಳು.

“ನೋಡೋಣ” ಎಂದೆ.

ಅವಳು ಸೌಟು ಕೆಳಗಿಟ್ಟು ಅಡುಗೆಮನೆಯ ಬಾಗಿಲಿನತ್ತ ತಿರುಗಿ, ಒಳಗೆ ತೊಟ್ಟಿಕ್ಕುತ್ತಿದ್ದ ನಲ್ಲಿಗೇ ಹೇಳುವವಳಂತೆ ಹೇಳಿದಳು. “ಲೈನ್ ಕಟ್ಟಾಯ್ತಂತೆ ಕಣೆ.”

ನಾನು ಕೈ ತೊಳೆದು, ಅಂಗಿ ಹಾಕಿಕೊಂಡು, ನಲ್ಲಿ ರಿಪೇರಿಯವನನ್ನು ಕರೆತರಲು ಹೊರಟೆ.